ಕಂಪ್ರೆಸರಿನ ನಿರ್ವಹಣಾ ವೇಳಾಪಟ್ಟಿ: ಕೈಪಿಡಿಯ ಜೊತೆಗೆ ಬ್ರೇಕ್‌ಡೌನ್ ರಿಜಿಸ್ಟರನ್ನೂ ಓದುವ ಬಗೆ

ಯಂತ್ರದೊಡನೆ ಬರುವ ಕೈಪಿಡಿಯಲ್ಲಿ ನಿರ್ವಹಣಾ ಪಟ್ಟಿಯೊಂದು ಇದ್ದೇ ಇರುತ್ತದೆ. ಅದನ್ನು ಯಥಾವತ್ತಾಗಿ ಬರೆದು ಗೋಡೆಗೆ ತೂಗುಹಾಕುವುದು ನಮ್ಮ ಅನೇಕ ಘಟಕಗಳಲ್ಲಿ ರೂಢಿ. ಆದರೆ ತಯಾರಕರು ಸೂಚಿಸುವ ಅವಧಿಗಳು ಸಾಮಾನ್ಯ ಧೂಳು, ಸಾಮಾನ್ಯ ಉಷ್ಣತೆಗಳನ್ನು ಗಮನದಲ್ಲಿಟ್ಟು ನಿಗದಿಯಾದವು. ಯಂತ್ರವು ನಮ್ಮ ಷೆಡ್ಡಿನಲ್ಲಿ ಹೇಗೆ ವರ್ತಿಸುತ್ತದೆಂಬುದು ಬ್ರೇಕ್‌ಡೌನ್ ರಿಜಿಸ್ಟರಿನಲ್ಲಿ ಮಾತ್ರ ದೊರೆಯುತ್ತದೆ. ಇವೆರಡನ್ನೂ ಹೊಂದಿಸುವ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕ ಪರಿಶೀಲಿಸೋಣ.

ಸಣ್ಣ ಫೌಂಡ್ರಿಯೊಂದರಲ್ಲಿ ಬೆಲ್ಟಿನಿಂದ ಓಡುವ 30 ಅಶ್ವಶಕ್ತಿಯ ಸ್ಕ್ರೂ ಕಂಪ್ರೆಸರ್ ಇದೆಯೆಂದುಕೊಳ್ಳೋಣ. ದಿನಕ್ಕೆ 14 ಗಂಟೆಯಂತೆ ತಿಂಗಳಿಗೆ 25 ದಿನ, ಅಂದರೆ 350 ಗಂಟೆ ಓಡುತ್ತದೆ. ಎರಡು ವರ್ಷಗಳಲ್ಲಿ ಅದು ಹತ್ತು ಬಾರಿ ನಿಂತಿದೆ. ನಾಲ್ಕು ಬಾರಿ ಉಷ್ಣತೆ ಏರಿ ಟ್ರಿಪ್ ಆಗಿದೆ, ಮೂರು ಬಾರಿ ಬೆಲ್ಟ್ ಹರಿದಿದೆ, ಮೂರು ಬಾರಿ ಕಾಂಟ್ಯಾಕ್ಟರ್ ಸುಟ್ಟಿದೆ. ಈ ಎಣಿಕೆಯಿಂದಷ್ಟೇ ವೇಳಾಪಟ್ಟಿ ಹುಟ್ಟುವುದಿಲ್ಲ. ಹಿಂದಿನ ದುರಸ್ತಿಯ ನಂತರ ಎಷ್ಟು ಗಂಟೆ ಓಡಿ ನಿಂತಿತು ಎಂಬುದನ್ನು ಪ್ರತಿ ಪ್ರಕರಣದ ಮುಂದೆ ಬರೆಯಬೇಕು. "ಕಂಪ್ರೆಸರ್ ನಿಂತಿತ್ತು, ಸರಿಪಡಿಸಲಾಯಿತು" ಎಂಬಂಥ ನಮೂದುಗಳು ಇಲ್ಲಿ ನಿರುಪಯುಕ್ತ. ಅವರ್ ಮೀಟರಿನ ಅಂಕಿ, ಕಂಡ ಲಕ್ಷಣ, ಬದಲಿಸಿದ ಭಾಗ, ತಿಳಿದುಬಂದ ಕಾರಣ ಇವು ನಾಲ್ಕೂ ರಿಜಿಸ್ಟರಿನಲ್ಲಿ ಇರತಕ್ಕದ್ದು.

ಮೊದಲು ಉಷ್ಣತೆಯ ಟ್ರಿಪ್‌ಗಳನ್ನು ನೋಡೋಣ. ಆಯಿಲ್ ಕೂಲರನ್ನು ಸ್ವಚ್ಛಗೊಳಿಸಿದ ನಂತರ 580, 610, 640 ಹಾಗೂ 700 ಗಂಟೆಗಳಲ್ಲಿ ಇವು ಸಂಭವಿಸಿವೆ. ಅಂಕಿಗಳು ಒಂದರ ಸಮೀಪ ಒಂದಿವೆ, ನಾಲ್ಕೂ ಮಾರ್ಚ್‌ನಿಂದ ಮೇವರೆಗಿನ ಅವಧಿಯವು. ಕೈಪಿಡಿಯು 1000 ಗಂಟೆಗೊಮ್ಮೆ ಸ್ವಚ್ಛಗೊಳಿಸಲು ಹೇಳಿದೆ, ಉಳಿದ ತಿಂಗಳುಗಳಲ್ಲಿ ಅಷ್ಟು ಸಾಕಾಗಿದೆ. ಆದ್ದರಿಂದ ವರ್ಷವಿಡೀ ಅವಧಿಯನ್ನು ಮೊಟಕುಗೊಳಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಮಾತ್ರ, ಅತಿ ಬೇಗ ನಿಂತ 580 ಗಂಟೆಗಿಂತ ಸಾಕಷ್ಟು ಮೊದಲೇ, ಅಂದರೆ 450 ಗಂಟೆಗೆ ಸ್ವಚ್ಛಗೊಳಿಸುವುದು ಯುಕ್ತ. ಸರಾಸರಿಯಾದ 630 ಗಂಟೆಯನ್ನು ಹಿಡಿದರೆ ನಾಲ್ಕರಲ್ಲಿ ಎರಡು ಪ್ರಕರಣಗಳು ಮತ್ತೆ ಸಂಭವಿಸಿಯೇ ತೀರುತ್ತಿದ್ದವು. ಕೂಲರಿಗೆ ಗಾಳಿಯನ್ನು ಫ್ಯಾನಿನ ಗಾಳಿ ಹರಿಯುವ ದಿಕ್ಕಿಗೆ ವಿರುದ್ಧವಾಗಿ ಊದಬೇಕು. ಎಣ್ಣೆಯ ಜಿಡ್ಡಿನೊಡನೆ ಧೂಳು ಗಟ್ಟಿಯಾಗಿದ್ದಲ್ಲಿ ಗಾಳಿಯಿಂದ ಹೋಗದು, ತೊಳೆಯಲೇಬೇಕು. ಪ್ರತಿದಿನ ಒಂದೇ ವೇಳೆಯಲ್ಲಿ ಉಷ್ಣತೆಯನ್ನು ಬರೆದಿಟ್ಟರೆ, ಹವೆ ಅಷ್ಟೇ ಇದ್ದರೂ ಅಂಕಿ ವಾರದಿಂದ ವಾರಕ್ಕೆ ಏರುವುದು ಟ್ರಿಪ್ ಆಗುವ ಮುನ್ನವೇ ಕಾಣುತ್ತದೆ.

ಬೆಲ್ಟಿನ ಕಥೆ ಬೇರೆ. ಅವು 2900, 800 ಮತ್ತು 2600 ಗಂಟೆಗಳಲ್ಲಿ ಹರಿದಿವೆ. ಸರಾಸರಿ ತೆಗೆದು 2100 ಎಂದು ಬರೆದುಕೊಳ್ಳುವ ಆಸೆಯಾಗಬಹುದು, ಆದರೆ ಅದು ತಪ್ಪು ದಾರಿ. ರಿಜಿಸ್ಟರನ್ನು ತಿರುವಿದಾಗ, 800 ಗಂಟೆಯ ಪ್ರಕರಣದಲ್ಲಿ ಹರಿದ ಬೆಲ್ಟನ್ನಷ್ಟೇ ಬದಲಿಸಿ ಹಳೆಯ ಜೊತೆಗಾರ ಬೆಲ್ಟುಗಳನ್ನು ಹಾಗೆಯೇ ಬಿಟ್ಟಿದ್ದು ತಿಳಿಯುತ್ತದೆ. ಹಿಗ್ಗಿದ ಹಳೆಯವು ಸಡಿಲವಾಗಿ, ಹೊಸದರ ಮೇಲೆಯೇ ಭಾರ ಬಿದ್ದಿದೆ. ಇದು ಸವೆತದಿಂದಾದುದಲ್ಲ, ದುರಸ್ತಿಯ ರೀತಿಯಿಂದಾದುದು. ಹಾಗಾಗಿ ಬೆಲ್ಟುಗಳನ್ನು ಸೆಟ್ಟಾಗಿಯೇ ಬದಲಿಸತಕ್ಕದ್ದು. ಉಳಿದೆರಡು ಪ್ರಕರಣಗಳೂ ಕೈಪಿಡಿಯ 4000 ಗಂಟೆಗಿಂತ ಬಹಳ ಮೊದಲೇ ಆಗಿರುವುದರಿಂದ ಪುಲ್ಲಿಗಳು ಒಂದೇ ನೇರದಲ್ಲಿವೆಯೇ, ಅವುಗಳ ಗಾಡಿ ಸವೆದಿದೆಯೇ ಎಂದು ಮೊದಲು ನೋಡಬೇಕು. ಅದು ಖಚಿತವಾಗುವವರೆಗೆ 2400 ಗಂಟೆಗೆ, ಅಂದರೆ ಸುಮಾರು ಏಳು ತಿಂಗಳಿಗೊಮ್ಮೆ ಸೆಟ್ ಬದಲಾವಣೆಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳಬಹುದು. ಎರಡೇ ಪ್ರಕರಣಗಳ ಮೇಲೆ ಇದಕ್ಕಿಂತ ಹೆಚ್ಚು ಭರವಸೆ ಇಡಲಾಗದು.

ಕಾಂಟ್ಯಾಕ್ಟರ್ ಸುಟ್ಟದ್ದಕ್ಕೂ ಓಡಿದ ಗಂಟೆಗಳಿಗೂ ಸಂಬಂಧ ಕಾಣದು. ಮೂರೂ ಪ್ರಕರಣಗಳು ವೋಲ್ಟೇಜ್ ಏರಿಳಿತದ ದಿನಗಳಂದೇ ನಡೆದಿವೆ. ಇಂಥದಕ್ಕೆ ಕಾಲಾನುಕ್ರಮದ ಬದಲಾವಣೆಯಿಂದ ಪ್ರಯೋಜನವಿಲ್ಲ. ಕಡಿಮೆ ವೋಲ್ಟೇಜ್ ಹಾಗೂ ಫೇಸ್ ತಪ್ಪುವಿಕೆಯ ರಿಲೇ ಅಳವಡಿಸಿ, ಟರ್ಮಿನಲ್ ಬಿಗಿತದ ತಪಾಸಣೆಯನ್ನು ಪಟ್ಟಿಗೆ ಸೇರಿಸಿ, ಒಂದು ಕಾಂಟ್ಯಾಕ್ಟರನ್ನು ಸ್ಟೋರಿನಲ್ಲಿ ಇರಿಸಿಕೊಂಡರಾಯಿತು.

ಕೈಪಿಡಿಯ ಅವಧಿಯನ್ನು ದಾಖಲೆಯ ಆಧಾರದಲ್ಲಿ ಮೊಟಕುಗೊಳಿಸಲು ಅಡ್ಡಿಯಿಲ್ಲ. ಆದರೆ ದೀರ್ಘಗೊಳಿಸುವಾಗ ಎಚ್ಚರ ಬೇಕು. ವಾರಂಟಿ ಇರುವವರೆಗೆ ಅದನ್ನು ಮಾಡಲೇಬಾರದು, ನಂತರವೂ ಆಯಿಲ್ ಪರೀಕ್ಷೆಯಂತಹ ಪುರಾವೆ ಬೇಕು. "ಇಷ್ಟು ಗಂಟೆ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು" ಎಂಬ ಷರತ್ತಿದ್ದಲ್ಲಿ ಕಡಿಮೆ ಓಡುವ ಯಂತ್ರಕ್ಕೂ ವರ್ಷದ ಲೆಕ್ಕ ಅನ್ವಯಿಸುತ್ತದೆ.

ಆರು ತಿಂಗಳ ನಂತರ ಪಟ್ಟಿಯನ್ನು ಮತ್ತೆ ರಿಜಿಸ್ಟರಿನೊಡನೆ ಹೋಲಿಸಬೇಕು. 450 ಗಂಟೆಗೆ ತೆರೆದಾಗಲೂ ಕೂಲರ್ ಶುಭ್ರವಾಗಿಯೇ ಇದ್ದರೆ ಅವಧಿಯನ್ನು 500ಕ್ಕೆ ಏರಿಸಿ ನೋಡಬಹುದು. ಸ್ವಚ್ಛಗೊಳಿಸಿದ ಮೇಲೂ ಟ್ರಿಪ್ ಆಗುತ್ತಿದ್ದರೆ ಕಾರಣ ಧೂಳಲ್ಲ. ಆಯಿಲ್ ಮಟ್ಟ, ಥರ್ಮೋಸ್ಟಾಟಿಕ್ ವಾಲ್ವ್ ಹಾಗೂ ಷೆಡ್ಡಿನ ಬಿಸಿಗಾಳಿ ಹೊರಹೋಗುವ ದಾರಿಯನ್ನು ಪರಿಶೀಲಿಸಬೇಕು.