ಸ್ಪ್ಯಾನಿಷ್ ಕಡತದ ಚುಕ್ಕೆ, ಕಾಮಾಗಳ ಲೆಕ್ಕ

ಸ್ಪ್ಯಾನಿಷ್ ಬಿಲ್ಲು, ಕರಾರು, ಬ್ಯಾಂಕ್ ಕಾಗದಗಳನ್ನು ಇಂಗ್ಲಿಷಿಗೆ ತರುವುದು ನನ್ನ ಕಸುಬು. ಪದ ತಪ್ಪಾದರೆ ಓದುವವರಿಗೆ ಅನುಮಾನ ಬರುತ್ತದೆ. ಅಂಕಿ ತಪ್ಪಾದರೆ ಬರುವುದಿಲ್ಲ, ಅದು ಸರಿಯಾದ ಅಂಕಿಯ ಹಾಗೇ ಕಾಣುತ್ತದೆ. ಆದ್ದರಿಂದ ನಾನು ಪದಗಳಿಗಿಂತ ಮೊದಲು ಅಂಕಿಗಳನ್ನು ಓದುತ್ತೇನೆ.

1. ಕಾಗದ ಯಾವ ದೇಶದ್ದು ಎಂದು ಮೊದಲು ನೋಡಿ. ಭಾಷೆ ಒಂದೇ ಆದರೂ ಅಂಕಿ ಬರೆಯುವ ರೂಢಿ ಒಂದೇ ಅಲ್ಲ. ಸ್ಪೇನ್, ಅರ್ಜೆಂಟೀನಾ, ಚಿಲಿ, ಕೊಲಂಬಿಯಾಗಳಲ್ಲಿ ದಶಾಂಶಕ್ಕೆ ಕಾಮಾ, ಸಾವಿರಕ್ಕೆ ಚುಕ್ಕೆ: 1.234,50. ಮೆಕ್ಸಿಕೋದಲ್ಲಿ ಇಂಗ್ಲಿಷಿನಂತೆಯೇ 1,234.50. 'ಸ್ಪ್ಯಾನಿಷ್ ಅಂದರೆ ಚುಕ್ಕೆ, ಕಾಮಾ ಅದಲುಬದಲು' ಎಂದು ಕಲಿತವರು ಮೆಕ್ಸಿಕೋದ ಬಿಲ್ಲನ್ನು ಕೆಡಿಸುತ್ತಾರೆ. ಸ್ಪೇನಿನ ರಾಯಲ್ ಅಕಾಡೆಮಿ ಎರಡೂ ದಶಾಂಶ ಚಿಹ್ನೆಗಳನ್ನು ಒಪ್ಪುತ್ತದೆ. ಸಾವಿರದ ಜಾಗದಲ್ಲಿ ಮಾತ್ರ ಎರಡೂ ಬೇಡ, ತೆರಪು ಬಿಡಿ ಎನ್ನುತ್ತದೆ: 12 345,50. ನಾಲ್ಕೇ ಅಂಕಿಗಳಿದ್ದರೆ ಆ ತೆರಪೂ ಬೇಡ. ಆದರೆ ಸ್ಪೇನಿನ ಅಂಗಡಿ, ಬ್ಯಾಂಕುಗಳಲ್ಲಿ ಚುಕ್ಕೆ ಇನ್ನೂ ಬಳಕೆಯಲ್ಲಿದೆ. ಹಾಗಾಗಿ ನಿಯಮ ಗೊತ್ತಿದ್ದ ಮಾತ್ರಕ್ಕೆ ಎದುರಿಗಿರುವ ಕಾಗದ ಓದಲು ಬಂದಂತಾಗುವುದಿಲ್ಲ.

2. ಚಿಹ್ನೆಯ ನಂತರ ಸರಿಯಾಗಿ ಮೂರು ಅಂಕಿಗಳಿದ್ದರೆ ಅಲ್ಲೇ ನಿಲ್ಲಿ. 12,50 ಎಂದಿದ್ದರೆ ಯಾರಿಗೂ ಗೊಂದಲವಿಲ್ಲ, ಎರಡು ಅಂಕಿಗಳ ಹಿಂದಿನ ಕಾಮಾ ಸಾವಿರದ್ದಾಗಲಾರದು. ಅಪಾಯ ಇರುವುದು 2,750 ರಂಥ ಅಂಕಿಯಲ್ಲಿ. ಸ್ಪೇನಿನೊಳಗಿನ ವ್ಯಾಪಾರದ ಬಿಲ್ಲೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬಣ್ಣದ ಪುಡಿ, ತೂಕ 2,750 ಕಿಲೋ, ದರ ಕಿಲೋಗೆ 48,00 €, ಮೊತ್ತ 132,00 €, ಅದರ ಮೇಲೆ 21 % ತೆರಿಗೆ 27,72 €, ಒಟ್ಟು 159,72 €. ಇಂಗ್ಲಿಷ್ ಕಣ್ಣಿಗೆ ತೂಕ ಎರಡು ಸಾವಿರದ ಏಳುನೂರ ಐವತ್ತು ಕಿಲೋ. ಗುಣಿಸಿ ನೋಡಿ. 2,750 ಅನ್ನು ಎರಡೂಮುಕ್ಕಾಲು ಎಂದು ಓದಿ 48 ರಿಂದ ಗುಣಿಸಿದರೆ ಸರಿಯಾಗಿ 132 ಬರುತ್ತದೆ. ಸಾವಿರಗಳಲ್ಲಿ ಓದಿದರೆ ಒಂದು ಲಕ್ಷದ ಮೂವತ್ತೆರಡು ಸಾವಿರ ಯೂರೋ ಬರಬೇಕಿತ್ತು. ಬಿಲ್ಲು ತನ್ನ ಸಾಕ್ಷಿಯನ್ನು ತಾನೇ ಹೇಳುತ್ತದೆ. ಗುಣಾಕಾರ ಮಾಡುವ ದಾರಿಯಿಲ್ಲದಿದ್ದಾಗ ಅದೇ ಕಾಗದದಲ್ಲಿ ಎರಡೂ ಚಿಹ್ನೆ ಬಂದಿರುವ ದೊಡ್ಡ ಅಂಕಿಯೊಂದನ್ನು ಹುಡುಕುತ್ತೇನೆ. ಕೊನೆಗೆ ಬಂದದ್ದೇ ದಶಾಂಶದ್ದು. ಅದೂ ಸಿಗದಿದ್ದರೆ ಕಳಿಸಿದವರನ್ನು ಕೇಳಬೇಕು, ಊಹಿಸಬಾರದು.

ಸ್ಪೇನಿನಲ್ಲಿ ಕೈಯಲ್ಲಿ ಬರೆದ ಬೆಲೆಗಳಲ್ಲಿ 2'50 ಎಂದೂ ಕಾಣುತ್ತದೆ. ಮೇಲಿರುವ ಆ ಗೀಟು ಕೂಡ ದಶಾಂಶದ ಗುರುತೇ. ಅಕಾಡೆಮಿ ಅದನ್ನು ಒಪ್ಪುವುದಿಲ್ಲ, ಮುದ್ರಣಕ್ಕೆ ತರುವಾಗ ಕಾಮಾ ಮಾಡಿ.

3. ತಾರೀಖು ನಮ್ಮ ಹಾಗೆಯೇ ದಿನದಿಂದ ಶುರು. ಆದ್ದರಿಂದ 03/04/2024 ನಮಗೆ ತೊಡಕಲ್ಲ, ಏಪ್ರಿಲ್ ಮೂರು. ಅಮೆರಿಕದ ಓದುಗನಿಗೆ ಅದು ಮಾರ್ಚ್ ನಾಲ್ಕು. ಇಂಗ್ಲಿಷಿಗೆ ತರುವಾಗ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ಸ್ಪ್ಯಾನಿಷಿನಲ್ಲಿ ಬರೆಯುವುದಾದರೆ 3 de abril de 2024: ತಿಂಗಳಿಗೆ ಸಣ್ಣ ಅಕ್ಷರ, ಇಸವಿಯೊಳಗೆ ಚುಕ್ಕೆಯೂ ಇಲ್ಲ, ತೆರಪೂ ಇಲ್ಲ.

ಹೆಚ್ಚು ಹಾನಿ ಮಾಡುವುದು ಎಕ್ಸೆಲ್. ಅಮೆರಿಕದ ರೂಢಿಗೆ ಹೊಂದಿಸಿದ ಕಂಪ್ಯೂಟರಿನಲ್ಲಿ ಸ್ಪೇನಿನ ಸಿಎಸ್‌ವಿ ಕಡತವನ್ನು ಸುಮ್ಮನೆ ತೆರೆದರೆ 03/04 ಸದ್ದಿಲ್ಲದೆ ಮಾರ್ಚ್ ಆಗುತ್ತದೆ. 25/04 ಮಾತ್ರ ತಿಂಗಳಾಗಲಾರದೆ ಬರೀ ಪಠ್ಯವಾಗಿ ಉಳಿಯುತ್ತದೆ. ಒಂದೇ ಕಾಲಮ್ಮಿನಲ್ಲಿ ಕೆಲವು ತಾರೀಖು ಬಲಕ್ಕೆ, ಕೆಲವು ಎಡಕ್ಕೆ ಅಂಟಿ ನಿಂತಿದ್ದರೆ ಇದೇ ಆಗಿದೆ ಎಂದು ತಿಳಿಯಿರಿ. ಕಡತವನ್ನು ಮುಚ್ಚಿ, ಪಠ್ಯ ಆಮದು ಮಾಡುವ ಕ್ರಮದಲ್ಲಿ ಮತ್ತೆ ತನ್ನಿ. ತಾರೀಖಿನ ಕಾಲಮ್ಮಿಗೆ DMY ಆರಿಸಿ, ದಶಾಂಶ ಮತ್ತು ಸಾವಿರದ ಚಿಹ್ನೆಗಳನ್ನೂ ಅಲ್ಲೇ ಹೇಳಿ. ಆಗಲೇ ಕೆಟ್ಟುಹೋದ ಹಾಳೆಯನ್ನು ತಿದ್ದಲು ಕೂರಬೇಡಿ, ಯಾವುದು ಬದಲಾಗಿದೆ ಯಾವುದು ಇಲ್ಲ ಎಂದು ಅದರಲ್ಲಿ ನಂಬುವಂತಿಲ್ಲ.

4. ಸ್ಪ್ಯಾನಿಷಿನ billón ಇಂಗ್ಲಿಷಿನ ಬಿಲಿಯನ್ ಅಲ್ಲ. ಇಂಗ್ಲಿಷಿನ ಬಿಲಿಯನ್ ನಮ್ಮ ನೂರು ಕೋಟಿ, ಸ್ಪ್ಯಾನಿಷಿನದು ಲಕ್ಷ ಕೋಟಿ. ನೂರು ಕೋಟಿಗೆ ಅವರು mil millones ಎನ್ನುತ್ತಾರೆ, ಅಂದರೆ ಸಾವಿರ ಮಿಲಿಯನ್. ಪತ್ರಿಕೆಯಲ್ಲಿ 1.500 millones ಎಂದಿದ್ದರೆ ಅದು ನೂರೈವತ್ತು ಕೋಟಿ, ಇಂಗ್ಲಿಷಿನಲ್ಲಿ ಒಂದೂವರೆ ಬಿಲಿಯನ್. ನಾನು ಇಂಥದ್ದನ್ನು ಮೊದಲು ಕೋಟಿಗೆ ಇಳಿಸಿ, ಅಲ್ಲಿಂದ ಇಂಗ್ಲಿಷಿಗೆ ಹೋಗುತ್ತೇನೆ. ನಮ್ಮ ಕೋಟಿಗೆ ಎರಡು ಅರ್ಥವಿಲ್ಲ.

5. $ ಚಿಹ್ನೆಯನ್ನು ಹಾಗೆಯೇ ಬಿಡಬೇಡಿ. ಮೆಕ್ಸಿಕೋ, ಅರ್ಜೆಂಟೀನಾ, ಚಿಲಿ, ಕೊಲಂಬಿಯಾಗಳಲ್ಲಿ ಅದು ಪೆಸೋ. ಚಿಲಿಯ ಬಿಲ್ಲಿನಲ್ಲಿ $ 15.000 ಎಂದರೆ ಹದಿನೈದು ಸಾವಿರ ಪೆಸೋ. ಇಂಗ್ಲಿಷ್ ಓದುಗ ಅದನ್ನು ಹದಿನೈದು ಡಾಲರ್ ಎಂದು ಓದಿಬಿಡುತ್ತಾನೆ, ಹಣವೂ ತಪ್ಪು, ಅಂಕಿಯೂ ತಪ್ಪು. ಅನುವಾದದಲ್ಲಿ CLP 15,000 ಎಂದು ಬರೆಯಿರಿ. ಮೆಕ್ಸಿಕೋದ ಕಾಗದಗಳಲ್ಲಿ ಅಂಕಿಯ ಪಕ್ಕ ಅಕ್ಷರದಲ್ಲೂ ಮೊತ್ತ ಬರೆದು M.N., ಅಂದರೆ ರಾಷ್ಟ್ರೀಯ ಹಣ, ಎಂದು ಸೇರಿಸುವ ರೂಢಿಯಿದೆ. ಅದು ಕಂಡರೆ ಬಿಡದೆ ಓದಿ, ಅಂಕಿಯೊಂದಿಗೆ ತಾಳೆ ನೋಡಿ. ಎರಡೂ ಹೊಂದದಿದ್ದರೆ ಎರಡನ್ನೂ ಇದ್ದಂತೆಯೇ ಅನುವಾದಿಸಿ, ಪಕ್ಕದಲ್ಲಿ ಟಿಪ್ಪಣಿ ಬರೆಯಿರಿ.