ರಕ್ತ ಕಾಣುವ ಮೊದಲೇ ಬಾಲ ನೋಡು

ಮಗಾ, ಶೆಡ್ಡು ಕಟ್ಟಿದ್ದೀಯ, ಮೇಕೆ ತಂದಿದ್ದೀಯ, ಮನೆ ಹಾಲಿಗೆ ಅಂತ ಎರಡು ಹಸುವೂ ಇವೆ. ಪಿಪಿಆರ್ ಲಸಿಕೆ ಯಾವಾಗ, ಕರುಳುಬೇನೆ ಲಸಿಕೆ ಯಾವಾಗ, ಜಂತಿನ ಔಷಧಿ ಯಾವಾಗ ಅಂತ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದನ್ನೂ ಕಂಡೆ. ಒಳ್ಳೆಯದೇ. ಆದರೆ ಮೇಕೆಮರಿಗೂ ಕರುವಿಗೂ ಲಸಿಕೆಯೇ ಇಲ್ಲದ, ಜಂತಿನ ಔಷಧಿಗೆ ಜಗ್ಗದ ಕಾಯಿಲೆಯೊಂದು ನಿನ್ನ ಪಟ್ಟಿಯಲ್ಲಿ ಬಿಟ್ಟುಹೋಗಿದೆ. ಅದೇ ಕಾಕ್ಸಿಡಿಯೋಸಿಸ್. ನಮ್ಮ ಕಡೆ ರಕ್ತಭೇದಿ ಅಂದುಬಿಡುತ್ತಾರೆ. ಮರಿ ಹುಟ್ಟುವ ಮೊದಲೇ ಇದನ್ನು ನಿನ್ನ ಕಿವಿಗೆ ಹಾಕಬೇಕು ಅನ್ನಿಸಿತು.

ಇದನ್ನು ತರುವುದು ಐಮೀರಿಯಾ ಅನ್ನುವ, ಕಣ್ಣಿಗೆ ಕಾಣದ ಏಕಕೋಶ ಜೀವಿ. ಅದು ಕರುಳಿನ ಒಳಪದರದ ಜೀವಕೋಶಗಳನ್ನು ಹೊಕ್ಕು, ಅಲ್ಲೇ ಪಾಲಾಗಿ ಪಾಲಾಗಿ ಬೆಳೆದು, ಆ ಕೋಶಗಳನ್ನು ಒಡೆದು ಹೊರಬರುತ್ತದೆ. ಕೊನೆಗೆ ಅದರ ಮೊಟ್ಟೆಗಳು ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತವೆ. ಬಿದ್ದ ಕೂಡಲೇ ಆ ಮೊಟ್ಟೆಗೆ ರೋಗ ಹತ್ತಿಸುವ ಶಕ್ತಿ ಇರುವುದಿಲ್ಲ. ತೇವ, ಗಾಳಿ, ಬೆಚ್ಚಗಿನ ಹವೆ ಸಿಕ್ಕಿದರೆ 2ರಿಂದ 7 ದಿನದಲ್ಲಿ ಬಲಿಯುತ್ತದೆ. ಬಲಿತ ಮೇಲೆ ಮರಿಯ ಬಾಯಿಗೆ ಹೋದರೆ, ಭೇದಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡರಿಂದ ಮೂರು ವಾರ ಬೇಕು. ಈ ಎರಡು ಲೆಕ್ಕ ನಿನ್ನ ತಲೆಯಲ್ಲಿ ಕೂತರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೇಕೆಯ ಐಮೀರಿಯಾ ಬೇರೆ, ಕರುವಿನದು ಬೇರೆ, ಕೋಳಿಯದು ಇನ್ನೂ ಬೇರೆ. ಒಂದರದು ಇನ್ನೊಂದಕ್ಕೆ ಹತ್ತುವುದಿಲ್ಲ. ಶೆಡ್ಡಿನ ಪಕ್ಕ ನಾಟಿ ಕೋಳಿ ಓಡಾಡಿದ್ದಕ್ಕೇ ಮರಿಗಳಿಗೆ ರಕ್ತಭೇದಿ ಬಂತು ಅಂತ ಯಾರಾದರೂ ಹೇಳಿದರೆ ನಂಬಬೇಡ. ನಿನ್ನ ಮರಿಗೆ ರೋಗ ಬರುವುದು ನಿನ್ನ ಮೇಕೆಗಳಿಂದಲೇ. ದೊಡ್ಡ ಮೇಕೆಗಳು ನೋಡಲು ಗಟ್ಟಿಮುಟ್ಟಾಗಿದ್ದರೂ ಹಿಕ್ಕೆಯಲ್ಲಿ ಸ್ವಲ್ಪ ಸ್ವಲ್ಪ ಮೊಟ್ಟೆ ಹಾಕುತ್ತಲೇ ಇರುತ್ತವೆ.

ಹಿರಿಯೂರು ಕಡೆಯ ಒಬ್ಬ ಹುಡುಗನ ಶೆಡ್ಡಿನಲ್ಲಿ ನಡೆದದ್ದನ್ನು ಹೇಳುತ್ತೇನೆ, ಲೆಕ್ಕ ಹಾಕುತ್ತಾ ಕೇಳು. ಜುಲೈ ಕೊನೆಯಲ್ಲಿ ಎರಡು ತಿಂಗಳು ತುಂಬಿದ 18 ಮರಿಗಳನ್ನು ತಾಯಿಯಿಂದ ಬಿಡಿಸಿ ಒಂದು ಮೂಲೆಗೆ ಕೂಡಿದ. ಜಾಗ ಸಾಲದೆ ಒಂದು ತಿಂಗಳೂ ತುಂಬದ ಐದು ಮರಿಗಳನ್ನೂ ಹಗಲಲ್ಲಿ ಅಲ್ಲಿಗೇ ಬಿಡುತ್ತಿದ್ದ. ನೀರಿನ ಪ್ಲಾಸ್ಟಿಕ್ ತೊಟ್ಟಿಗೆ ಸೀಳು ಬಿದ್ದು ಅದರ ಸುತ್ತ ಸದಾ ಕೆಸರು. ಸೊಪ್ಪನ್ನು ನೆಲದ ಮೇಲೇ ಹರಡುತ್ತಿದ್ದ. ಆಗಸ್ಟ್ ಮೊದಲ ವಾರ ಜಿಟಿಜಿಟಿ ಮಳೆ ಹಿಡಿಯಿತು, ಗುಡಿಸುವುದು ನಾಲ್ಕೈದು ದಿನ ತಪ್ಪಿತು. ಮಳೆ ನಿಂತು ಬಿಸಿಲೂ ಬಂತು. ಎಲ್ಲ ಸರಿಹೋಯಿತು ಅಂದುಕೊಂಡ.

ಆಗಸ್ಟ್ 20ರ ಹೊತ್ತಿಗೆ ಎರಡು ಮರಿಗಳ ಹಿಕ್ಕೆ ಮೆತ್ತಗಾಗಿ ಬಾಲಕ್ಕೆ ಅಂಟತೊಡಗಿತು. ಜಂತು ಇರಬೇಕೆಂದು ಆಲ್ಬೆಂಡಜೋಲ್ ಕುಡಿಸಿದ. ಮೂರನೆಯ ದಿನ ಒಂದು ಮರಿ ಬೆನ್ನು ಬಗ್ಗಿಸಿ ಮುಕ್ಕಿ ಮುಕ್ಕಿ, ಲೋಳೆಯೊಳಗೆ ರಕ್ತದ ಎಳೆ ಹಾಕಿತು. ಇನ್ನೊಂದು ರಾತ್ರಿಯೇ ಸತ್ತಿತ್ತು. ವೈದ್ಯರು ಬಂದು ಸತ್ತ ಮರಿಯ ಹೊಟ್ಟೆ ಬಗೆದು ಸಣ್ಣ ಕರುಳನ್ನು ಉದ್ದಕ್ಕೆ ಸೀಳಿ ತೋರಿಸಿದರು. ಒಳಪದರದ ತುಂಬ ರವೆ ಕಾಳಿನಷ್ಟು ಬಿಳಿ, ಹಳದಿ ಗಂಟುಗಳು. ಅಲ್ಲಲ್ಲಿ ಕೆಂಪು ಏರಿ ದಪ್ಪಗಾಗಿತ್ತು.

ರೋಗ ಹೊಕ್ಕಿದ್ದು ಯಾವಾಗ? 20ರಿಂದ ಎರಡೂವರೆ ವಾರ ಹಿಂದಕ್ಕೆ ಎಣಿಸು. ಮಳೆ, ಗುಡಿಸದ ನೆಲ, ಒಡೆದ ತೊಟ್ಟಿಯ ಕೆಸರು, ತಾಯಿ ಬಿಟ್ಟ ಕೊರಗು ಎಲ್ಲ ಒಟ್ಟಿಗೆ ಸೇರಿದ್ದ ವಾರಕ್ಕೇ ಹೋಗಿ ನಿಲ್ಲುತ್ತೀಯ. ಭೇದಿ ಕಂಡ ದಿನ ಕರುಳು ಆಗಲೇ ಹಾಳಾಗಿತ್ತು. ಜೊತೆಯಲ್ಲಿದ್ದ ಉಳಿದ ಮರಿಗಳೂ ಅದೇ ನೆಲದ ಸೊಪ್ಪು ತಿಂದಿದ್ದವು. ಅದಕ್ಕೇ ಒಂದು ಮರಿಗೆ ಕಂಡರೆ ಆ ಗುಂಪಿನ ಎಲ್ಲಕ್ಕೂ ಹತ್ತಿದೆ ಎಂದೇ ಹಿಡಿಯಬೇಕು. ಅಲ್ಲಿ ವೈದ್ಯರು ಮಾಡಿದ್ದೂ ಅದನ್ನೇ. ಭೇದಿ ಇರಲಿ ಬಿಡಲಿ, ಗುಂಪಿನ ಅಷ್ಟೂ ಮರಿಗಳಿಗೆ ಔಷಧಿ ಹಾಕಿಸಿದರು. ಆಮೇಲೆ ಇನ್ನೊಂದು ಮರಿ ಹೋಯಿತು, ಉಳಿದವು ಬದುಕಿದವು.

ಈಗ ಗುರುತಿಸುವ ವಿಷಯ. ಹೆಸರೇ ರಕ್ತಭೇದಿ ಆದ್ದರಿಂದ ಎಲ್ಲರೂ ರಕ್ತಕ್ಕಾಗಿ ಕಾಯುತ್ತಾರೆ. ಮೇಕೆಮರಿಯಲ್ಲಿ ಎಷ್ಟೋ ಸಲ ಕಣ್ಣಿಗೆ ಕಾಣುವಷ್ಟು ರಕ್ತ ಬರುವುದೇ ಇಲ್ಲ. ಕಾಳುಕಾಳಾಗಿ ಉದುರಬೇಕಾದ ಹಿಕ್ಕೆ ಮುದ್ದೆಯಾಗುತ್ತದೆ, ಆಮೇಲೆ ಪೇಸ್ಟಿನಂತಾಗಿ ಕಡೆಗೆ ನೀರಾಗುತ್ತದೆ. ಹಿಂದೊಡೆ, ಬಾಲದ ಕೆಳಗಿನ ಕೂದಲು ಒದ್ದೆಯಾಗಿ ಹೆಪ್ಪುಗಟ್ಟುತ್ತದೆ. ಮರಿ ಕುಣಿಯುವುದನ್ನು ಬಿಟ್ಟು ಮೂಲೆಗೆ ಸೇರುತ್ತದೆ. ಕರುವಿನಲ್ಲಿ ರಕ್ತ ಹೆಚ್ಚು ಸ್ಪಷ್ಟ. ನೀರುಸಗಣಿಯಲ್ಲಿ ಕೆಂಪು ಎಳೆ, ಲೋಳೆ, ಕೆಲವೊಮ್ಮೆ ಹೆಪ್ಪುಗಟ್ಟಿದ ತುಂಡು. ಬಾಲ ಎತ್ತಿಕೊಂಡೇ ಇದ್ದು ಮುಕ್ಕುತ್ತದೆ, ಮುಕ್ಕಿ ಮುಕ್ಕಿ ಗುದ ಹೊರಬಂದದ್ದೂ ಉಂಟು. ಜ್ವರ ಇಲ್ಲ, ಇದ್ದರೂ ಅಲ್ಪ.

ವಯಸ್ಸು ನೋಡುವುದನ್ನು ಮರೆಯಬೇಡ. ಹುಟ್ಟಿ ಒಂದು ವಾರವಾದ ಕರು ಬಿಳಿ ಭೇದಿ ಹಾಕಿದರೂ ರಕ್ತ ಹಾಕಿದರೂ ಅದು ಕಾಕ್ಸಿಡಿಯಾ ಅಲ್ಲ, ಅಷ್ಟರಲ್ಲಿ ಅದರ ಸುತ್ತು ಮುಗಿದಿರುವುದೇ ಇಲ್ಲ. ಮೂರು ವಾರದಿಂದ ಆರು ತಿಂಗಳವರೆಗೆ ಇದರ ಕಾಲ. ಭೇದಿಯ ಜೊತೆ ಜೋರು ಜ್ವರ, ಮೂಗು ಕಣ್ಣಲ್ಲಿ ಸುರಿತ, ಬಾಯಿ ಹುಣ್ಣು ಇದ್ದರೆ ಪಿಪಿಆರ್ ಶಂಕೆ. ಚೆನ್ನಾಗಿ ಮೇಯುತ್ತಿದ್ದ ಮರಿ ಗಂಟೆಗಳಲ್ಲೇ ಸೆಳೆತ ಬಂದು ಸತ್ತರೆ ಕರುಳುಬೇನೆಯ ಶಂಕೆ. ಕಣ್ಣುರೆಪ್ಪೆ ಬಿಳಿಚಿ, ದವಡೆ ಕೆಳಗೆ ನೀರು ತುಂಬಿ, ಭೇದಿ ಇಲ್ಲದಿದ್ದರೆ ಹೊಟ್ಟೆಯ ಜಂತು ಇರಬಹುದು. ಇವನ್ನು ನೀನೇ ತೀರ್ಮಾನಿಸಬೇಕಿಲ್ಲ, ಆದರೆ ಫೋನಿನಲ್ಲಿ ವೈದ್ಯರಿಗೆ ಹೇಳಲು ಬರಬೇಕು.

ಔಷಧಿಯ ಬಗ್ಗೆ ಒಂದೆರಡು ಮಾತು. ಆಲ್ಬೆಂಡಜೋಲ್, ಐವರ್ಮೆಕ್ಟಿನ್ ಇದಕ್ಕೆ ಕೆಲಸ ಮಾಡುವುದಿಲ್ಲ. ವೈದ್ಯರು ಸಾಮಾನ್ಯವಾಗಿ ಬರೆಯುವುದು ಆಂಪ್ರೋಲಿಯಂ, ಇಲ್ಲವೇ ಸಲ್ಫಾ ಔಷಧಿ, ಇಲ್ಲವೇ ಒಂದೇ ಸಲ ಕುಡಿಸುವ ಟಾಲ್‌ಟ್ರಾಜುರಿಲ್. 20 ಶೇಕಡಾ ಆಂಪ್ರೋಲಿಯಂ ಪುಡಿಯ ಲೆಕ್ಕ ಹೇಳುತ್ತೇನೆ. ಮೇಕೆಮರಿಗೆ ಕಿಲೋ ತೂಕಕ್ಕೆ ದಿನಕ್ಕೆ 50 ಮಿಲಿಗ್ರಾಂ ಅಂದರೆ, 6 ಕಿಲೋ ಮರಿಗೆ 300 ಮಿಲಿಗ್ರಾಂ, ಪುಡಿಯಲ್ಲಿ ಒಂದೂವರೆ ಗ್ರಾಂ, ಐದು ದಿನ. ಕರುವಿನ ಪ್ರಮಾಣ ಬೇರೆ, ಕಿಲೋಗೆ 10 ಮಿಲಿಗ್ರಾಂ. 40 ಕಿಲೋ ಕರುವಿಗೆ ಪುಡಿ 2 ಗ್ರಾಂ. ಈ ಲೆಕ್ಕ ನಿನಗೆ ಗೊತ್ತಿರಲಿ ಅಂತ ಹೇಳಿದೆ, ವೈದ್ಯರು ಬರೆದದ್ದೇ ಕೊನೆ. ಅಂದಾಜಿನಲ್ಲಿ ಅಲ್ಲ, ತೂಗಿ ಕೊಡು, ಒಂದೊಂದನ್ನೂ ಹಿಡಿದು ಕುಡಿಸು. ತೊಟ್ಟಿ ನೀರಿಗೆ ಬೆರೆಸಿದರೆ ಕಾಯಿಲೆ ಬಿದ್ದ ಮರಿ ಕುಡಿಯುವುದೇ ಇಲ್ಲ. ಇನ್ನೂ ಹತ್ತು ದಿನ ಇರಲಿ ಅಂತ ನೀನೇ ಎಳೆಯಬೇಡ. ಅದು ದೇಹಕ್ಕೆ ಬೇಕಾದ ಬಿ1 ಜೀವಸತ್ವವನ್ನು ತಡೆಯುವ ಔಷಧಿ, ಅತಿಯಾದರೆ ಮರಿ ಕಣ್ಣು ಕಾಣದೆ ತಲೆ ಹಿಂದಕ್ಕೆ ಚಾಚಿ ಬೀಳುತ್ತದೆ.

ಮರಿ ಸಾಯುವುದು ಹೆಚ್ಚಾಗಿ ನೀರು ಕಳೆದುಕೊಂಡು. ಕತ್ತಿನ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತಿದೆ, ಕಣ್ಣು ಗುಳಿ ಬಿದ್ದಿದೆ ಅಂದರೆ ತಡಮಾಡುವಂತಿಲ್ಲ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮೆಡಿಕಲ್ ಶಾಪಿನ ಓಆರ್‌ಎಸ್ ಪೊಟ್ಟಣವೂ ಆಗುತ್ತದೆ. ಮರಿಗೆ 100 ಮಿಲಿಯಂತೆ ದಿನದಲ್ಲಿ ಐದಾರು ಸಲ, ಕರುವಿಗೆ ಎರಡು ಲೀಟರಿನಂತೆ ಎರಡು ಹೊತ್ತು. ಹಾಲು ನಿಲ್ಲಿಸಬೇಡ. ತಲೆ ಎತ್ತಲಾಗದ, ನುಂಗದ ಮರಿಗೆ ಬಾಯಿಗೆ ಸುರಿಯಬೇಡ, ಶ್ವಾಸಕೋಶಕ್ಕೆ ಹೋಗುತ್ತದೆ. ಅದಕ್ಕೆ ಡ್ರಿಪ್ಪೇ ಆಗಬೇಕು.

ಹರಡದಂತೆ ತಡೆಯುವುದಕ್ಕೆ ಫಿನಾಯಿಲ್ ನಂಬಿ ಕೂರಬೇಡ. ಆ ಮೊಟ್ಟೆಯ ಚಿಪ್ಪಿಗೆ ಫಿನಾಯಿಲೂ ಬ್ಲೀಚಿಂಗೂ ತಾಗುವುದಿಲ್ಲ, ನೆರಳಿನ ತೇವದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಅದನ್ನು ಕೊಲ್ಲುವುದು ಒಣಗುವಿಕೆ, ನೇರ ಬಿಸಿಲು ಮತ್ತು ಕುದಿಯುವ ನೀರಿನ ಬಿಸಿ. ಸುಣ್ಣ ಎರಚಿದರೆ ನೆಲ ಒಣಗಲು ನೆರವಾಗುತ್ತದೆ, ಅಷ್ಟೇ. ಹಾಗಾಗಿ ಮೊಟ್ಟೆ ಬಲಿಯಲು ಬೇಕಾದ ಆ ಎರಡು ದಿನದೊಳಗೆ ನೆಲ ಗುಡಿಸಿ ಹಿಕ್ಕೆ ಸಾಗಿಸಬೇಕು. ದಿನಾ ಗುಡಿಸಿದರೆ ಇನ್ನೂ ಒಳ್ಳೆಯದು, ಮಳೆ ದಿನ ಮಾತ್ರ ತಪ್ಪಿಸಲೇಬೇಡ. ಮೊದಲು ಎಳೆ ಮರಿಗಳ ಜಾಗ, ಆಮೇಲೆ ದೊಡ್ಡವು, ಕಾಯಿಲೆ ಮರಿಯದು ಕಟ್ಟಕಡೆಗೆ. ಅದಕ್ಕೆ ಪೊರಕೆಯೂ ಬೇರೆ ಇರಲಿ. ನಿನ್ನ ಚಪ್ಪಲಿಯೇ ರೋಗ ಹೊತ್ತು ಓಡಾಡುತ್ತದೆ ಅನ್ನುವುದು ನೆನಪಿರಲಿ.

ಇನ್ನು ಹಿಕ್ಕೆ ಬಾಯಿಗೆ ಹೋಗದಂತೆ ಮಾಡುವುದು. ಸೊಪ್ಪನ್ನು ಕಟ್ಟಾಗಿ ಕಟ್ಟಿ ಮರಿಯ ತಲೆಮಟ್ಟಕ್ಕೆ ತೂಗುಹಾಕು. ಗೋದಲಿಯೊಳಗೆ ಮರಿ ಹತ್ತಿ ಮಲಗುವಂತಿದ್ದರೆ ಅದು ಗೋದಲಿಯಲ್ಲ, ಹಿಕ್ಕೆ ತೊಟ್ಟಿ. ಅದರ ಮೇಲೆ ಅಡ್ಡ ಒಂದು ಬಿದಿರ ಗಳ ಕಟ್ಟು. ಸೋರುವ ತೊಟ್ಟಿಯನ್ನು ಇವತ್ತೇ ಬದಲಾಯಿಸು. ಎಳೆ ಮರಿಗಳನ್ನು ಬುಟ್ಟಿ ಕವುಚಿ ಕೂಡುವ ಪದ್ಧತಿ ನಿಮ್ಮಮ್ಮನಿಗೆ ಗೊತ್ತು, ಕೆಟ್ಟದ್ದೇನಲ್ಲ. ಆದರೆ ಬುಟ್ಟಿಯ ಜಾಗ ದಿನಾ ಬದಲಾಗಬೇಕು, ಅಡಿಗೆ ಒಣ ಹುಲ್ಲು ಇರಬೇಕು. ತಾಯಿಯ ಕೆಚ್ಚಲಿಗೆ ಕೆಸರು ಮೆತ್ತಿದ್ದರೆ ಒರೆಸಿ ಕುಡಿಯಬಿಡು. ಹುಟ್ಟಿದ ತಾರೀಖಿನಲ್ಲಿ ಎರಡು ಮೂರು ವಾರಕ್ಕಿಂತ ಹೆಚ್ಚು ಅಂತರವಿರುವ ಮರಿಗಳನ್ನು ಒಂದೇ ಕೋಣೆಗೆ ಹಾಕಬೇಡ. ದೊಡ್ಡ ಮರಿ ರೋಗ ತಡೆದುಕೊಂಡು ಮೊಟ್ಟೆ ಹಾಕುತ್ತದೆ, ಚಿಕ್ಕದು ಅದನ್ನು ತಿಂದು ಸಾಯುತ್ತದೆ. ಹಾಗಂತ ಒಂದು ಮೊಟ್ಟೆಯೂ ಇಲ್ಲದ ಶೆಡ್ಡು ಯಾರಿಗೂ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಸ್ವಲ್ಪ ಸ್ವಲ್ಪ ತಾಗಿದ ಮರಿಗೆ ರೋಗನಿರೋಧಕ ಶಕ್ತಿ ಬರುತ್ತದೆ.

ನಿನ್ನ ಪಟ್ಟಿಯ ಕೆಳಗೆ ಇದನ್ನೂ ಬರೆದುಕೋ: ಮಳೆ ಹಿಡಿದ ದಿನ, ತಾಯಿ ಬಿಡಿಸಿದ ದಿನ, ಸಂತೆಯಿಂದ ಹೊಸ ಮರಿ ತಂದ ದಿನ. ಅಲ್ಲಿಂದ ಎರಡನೆಯ ವಾರ ಶುರುವಾದ ಮೇಲೆ ದಿನಾ ಬೆಳಿಗ್ಗೆ ಪ್ರತಿ ಮರಿಯ ಬಾಲ ಎತ್ತಿ ನೋಡು. ಮೆತ್ತಗಿನ ಹಿಕ್ಕೆ ಕಂಡರೆ ಆ ಮರಿಯನ್ನು ಬೇರೆ ಕಟ್ಟಿ, 1962ಕ್ಕೆ ಫೋನು ಮಾಡು, ಇಲ್ಲವೇ ಹತ್ತಿರದ ಪಶು ಆಸ್ಪತ್ರೆಗೆ ಹೋಗು. ಹೋಗುವಾಗ ನೆಲದಿಂದ ಬಾಚಿದ್ದಲ್ಲ, ಮೂರು ನಾಲ್ಕು ಮರಿಗಳ ಹಿಕ್ಕೆಯನ್ನು ಬೀಳುವಾಗಲೇ ಹಿಡಿದು ಬೇರೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಒಯ್ಯಿ. ರೋಗದ ಮೊದಲ ದಿನಗಳಲ್ಲಿ ಪರೀಕ್ಷೆಯಲ್ಲಿ ಮೊಟ್ಟೆ ಕಾಣದೆ ಹೋಗಬಹುದು. ಹಾಗಾದರೆ ಕಾಯಿಲೆ ಇಲ್ಲ ಅಂತ ವಾಪಸು ಬರಬೇಡ, ಮರಿಗಳ ವಯಸ್ಸು, ಮಳೆ ಬಂದ ದಿನ, ಭೇದಿ ಶುರುವಾದ ದಿನ ಮೂರನ್ನೂ ವೈದ್ಯರಿಗೆ ಹೇಳು.