ನೀರು ಮೇಲೇರಬೇಕೆ? ಅಡುಗೆಮನೆ ಪ್ರಯೋಗ ಗೆಲ್ಲಲು ಐದು ಸೂತ್ರಗಳು

1. ಮೊದಲು ನೀರಿನ 'ಚರ್ಮ' ನೋಡಿ.
ಬಟ್ಟಲಿನಲ್ಲಿ ನೀರು ತುಂಬಿ, ಅದರ ಮೇಲೆ ಟಿಶ್ಯೂ ಕಾಗದದ ಚೂರೊಂದನ್ನು ಬಿಡಿ. ಅದರ ಮೇಲೆ ಗುಂಡುಸೂಜಿಯನ್ನು ಅಡ್ಡಲಾಗಿ ಇಡಿ. ಕಾಗದ ನೆನೆದು ಮುಳುಗುತ್ತದೆ, ಸೂಜಿ ಉಳಿಯುತ್ತದೆ. ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸಿ ನೋಡಿ: ಸೂಜಿಯ ಕೆಳಗೆ ನೀರು ಹಾಸಿಗೆಯಂತೆ ತಗ್ಗಿರುತ್ತದೆ. ಒಳಗಿನ ಅಣುವನ್ನು ಸುತ್ತಲಿನ ಅಣುಗಳು ಎಲ್ಲ ದಿಕ್ಕಿನಿಂದಲೂ ಸೆಳೆಯುತ್ತವೆ. ಮೇಲಿನ ಪದರದ ಅಣುವಿಗೆ ಮೇಲುಗಡೆ ನಂಟರಿಲ್ಲ. ಹಾಗಾಗಿ ಮೇಲ್ಮೈ ಆದಷ್ಟು ಕುಗ್ಗಲು ನೋಡುತ್ತದೆ. ಇದೇ ಮೇಲ್ಮೈ ಎಳೆತ. ಸೂಜಿ ಮುಳುಗಿದರೆ ಅದನ್ನು ಒರೆಸಿ, ಎಣ್ಣೆ ಹಚ್ಚಿದ ತಲೆಗೂದಲಿಗೆ ಒಮ್ಮೆ ಸವರಿ ಮತ್ತೆ ಇಡಿ. ಜಿಡ್ಡು ನೀರನ್ನು ದೂರ ಇಡುವುದರಿಂದ ಸೂಜಿ ಸುಲಭವಾಗಿ ತೇಲುತ್ತದೆ.

2. ಮುಂದಿನ ಪ್ರಯೋಗಕ್ಕೆ ಅದೇ ಜಿಡ್ಡು ಶತ್ರು. ಗಾಜನ್ನು ಚೆನ್ನಾಗಿ ತೊಳೆಯಿರಿ.
ಹಳೆಯ ಫೋಟೋ ಫ್ರೇಮಿನಿಂದ 10 ಸೆಂ.ಮೀ. ಅಗಲದ ಎರಡು ಗಾಜು ತೆಗೆದುಕೊಳ್ಳಿ. ಅಂಚು ಹರಿತವಾಗಿದ್ದರೆ ಹಿಡಿಯುವ ಕಡೆ ಟೇಪ್ ಸುತ್ತಿ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಜ್ಜಿ, ಸೋಪಿನ ಸುಳಿವೂ ಇಲ್ಲದಂತೆ ಬಿಸಿನೀರಿನಲ್ಲಿ ಜಾಲಿಸಿ. ಗಾಜು ಶುದ್ಧವಾಯಿತೇ ಎಂದು ತಿಳಿಯಲು ನೀರು ಸುರಿದು ನೋಡಿದರೆ ಸಾಕು. ಹಾಳೆಯಂತೆ ಹರಡಿದರೆ ಸರಿ, ಹನಿಹನಿಯಾಗಿ ನಿಂತರೆ ಮತ್ತೆ ತೊಳೆಯಿರಿ. ಆಮೇಲೆ ಒಳಮೈಯನ್ನು ಬೆರಳಿನಿಂದ ಮುಟ್ಟಬೇಡಿ.

3. ಒಂದು ಕೊಳವೆ ಹುಡುಕಬೇಡಿ, ನೂರು ಕೊಳವೆ ಮಾಡಿಕೊಳ್ಳಿ.
ಎರಡೂ ಗಾಜನ್ನು ಜೋಡಿಸಿ, ಒಂದು ಬದಿಯ ಅಂಚುಗಳು ಒತ್ತಿಕೊಂಡಿರಲಿ. ಇನ್ನೊಂದು ಬದಿಯ ನಡುವೆ ಬೆಂಕಿಕಡ್ಡಿ ನಿಲ್ಲಿಸಿ ರಬ್ಬರ್‌ಬ್ಯಾಂಡ್ ಹಾಕಿ. ಕಡ್ಡಿ ಸುಮಾರು 2 ಮಿ.ಮೀ. ದಪ್ಪ. ಈಗ ನಡುವಿನ ಸಂದು ಸೊನ್ನೆಯಿಂದ 2 ಮಿ.ಮೀ.ವರೆಗೆ ನಿಧಾನವಾಗಿ ಅಗಲವಾಗುತ್ತದೆ. ಬೀಟ್‌ರೂಟ್ ರಸದಿಂದ ಕೆಂಪಾದ ನೀರಿನ ತಟ್ಟೆಯಲ್ಲಿ ಇದನ್ನು ನೆಟ್ಟಗೆ ನಿಲ್ಲಿಸಿ. (ಅರಿಸಿನ ಬೇಡ, ಅದು ನೀರಿನಲ್ಲಿ ಕರಗದೆ ತಳ ಸೇರುತ್ತದೆ.) ಕ್ಷಣದಲ್ಲೇ ಕೆಂಪು ಬಾಗುಗೆರೆಯೊಂದು ಮೂಡುತ್ತದೆ. ಕೂಡಿದ ಅಂಚಿನಿಂದ 5 ಸೆಂ.ಮೀ. ದೂರದಲ್ಲಿ ನೀರು ಸುಮಾರು 1.5 ಸೆಂ.ಮೀ. ಏರಿದರೆ, 2 ಸೆಂ.ಮೀ. ದೂರದಲ್ಲಿ 3.7 ಸೆಂ.ಮೀ., 1 ಸೆಂ.ಮೀ. ದೂರದಲ್ಲಿ 7.4 ಸೆಂ.ಮೀ. ಏರುತ್ತದೆ. ದೂರವನ್ನು ಎತ್ತರದಿಂದ ಗುಣಿಸಿ ನೋಡಿ, ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಉತ್ತರ! ಬ್ರೂಕ್ ಟೇಲರ್ 1712ರಲ್ಲಿ ಇದೇ ಬಾಗುಗೆರೆಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದ್ದ. ನನಗಂತೂ ಅಡುಗೆಮನೆಯಲ್ಲಿ ಮಾಡಬಹುದಾದ ಪ್ರಯೋಗಗಳಲ್ಲಿ ಇದಕ್ಕಿಂತ ಚೆಲುವಾದದ್ದು ಕಂಡಿಲ್ಲ.

4. ಏರುವುದೇಕೆ ಎಂಬುದನ್ನು ಎರಡು ಹೆಜ್ಜೆಯಲ್ಲಿ ಹೇಳಿಕೊಡಿ.
ನೀರಿಗೆ ಗಾಜಿನ ಮೇಲೆ ಸೆಳೆತವಿದೆ. ಹಾಗಾಗಿ ಅಂಚಿನ ನೀರು ಗೋಡೆ ಹತ್ತುತ್ತದೆ, ಮೇಲ್ಮೈ ನಡುವೆ ಗುಳಿ ಬೀಳುತ್ತದೆ. ಆ ಗುಳಿಯನ್ನು ಸಪಾಟು ಮಾಡಲು ಮೇಲ್ಮೈ ಎಳೆತವು ಕೆಳಗಿನ ನೀರನ್ನು ಎತ್ತುತ್ತದೆ. ಎತ್ತಿದ ನೀರಿನ ಭಾರ ಈ ಎಳೆತಕ್ಕೆ ಸರಿಸಮ ಆದಾಗ ಏರಿಕೆ ನಿಲ್ಲುತ್ತದೆ. ಇದೇ ಲೋಮನಾಳತೆ. ಸಪೂರ ಕೊಳವೆಯಲ್ಲೇ ಹೆಚ್ಚು ಏರುವುದೇಕೆ? ಕೊಳವೆಯ ವ್ಯಾಸ ಅರ್ಧವಾದರೆ ಎಳೆಯುವ ಸುತ್ತಳತೆಯೂ ಅರ್ಧವಾಗುತ್ತದೆ, ಆದರೆ ಅದೇ ಎತ್ತರಕ್ಕೆ ಹೊರಬೇಕಾದ ನೀರು ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ನೀರು ಎರಡು ಪಟ್ಟು ಎತ್ತರಕ್ಕೆ ಹೋಗುತ್ತದೆ. 1 ಮಿ.ಮೀ. ವ್ಯಾಸದ ಗಾಜಿನ ಕೊಳವೆಯಲ್ಲಿ ಸುಮಾರು 3 ಸೆಂ.ಮೀ., ಅರ್ಧ ಮಿ.ಮೀ.ನದ್ದರಲ್ಲಿ 6 ಸೆಂ.ಮೀ. ಜ್ಯೂಸ್ ಕುಡಿಯುವ ಪ್ಲಾಸ್ಟಿಕ್ ಸ್ಟ್ರಾದಲ್ಲಿ ಪ್ರಯತ್ನಿಸಿ ಸೋತವರು ಬಹಳ ಮಂದಿ. ಅದು ಅಗಲ, ಸಾಲದ್ದಕ್ಕೆ ಪ್ಲಾಸ್ಟಿಕ್ಕಿನ ಮೇಲೆ ನೀರಿಗೆ ಗಾಜಿನ ಮೇಲಿರುವಷ್ಟು ಸೆಳೆತವಿಲ್ಲ.

5. ಕೊನೆಗೆ ಸೋಪು ಹಾಕಿ, ಆದರೆ ಮೊದಲು ಊಹೆ ಕೇಳಿ.
ಸೋಪು ನೀರು ಚೆನ್ನಾಗಿ ನೆನೆಸುತ್ತದೆ, ಹಾಗಾಗಿ ಇನ್ನೂ ಮೇಲೇರುತ್ತದೆ ಎಂದು ಮಕ್ಕಳು ಹೇಳಬಹುದು. ಅದೇ ಗಾಜುಗಳನ್ನು ಸೋಪು ಬೆರೆಸಿದ ನೀರಿನಲ್ಲಿ ನಿಲ್ಲಿಸಿದರೆ ಗೆರೆ ಅರ್ಧಕ್ಕೂ ಕೆಳಗೆ ನಿಲ್ಲುತ್ತದೆ. ಗಾಜು ಶುದ್ಧವಾಗಿರುವಾಗ ಇನ್ನಷ್ಟು ನೆನೆಸಿ ಸಿಗುವ ಲಾಭವೇನಿಲ್ಲ, ಎತ್ತುವ ಎಳೆತ ಮಾತ್ರ ತಗ್ಗುತ್ತದೆ.

ಮರಕ್ಕೆ ನೀರು ಏರುವುದೂ ಹೀಗೆಯೇ ಎಂದು ಮಾತ್ರ ಹೇಳಿಬಿಡಬೇಡಿ. 0.05 ಮಿ.ಮೀ. ವ್ಯಾಸದ ನಾಳದಲ್ಲಿ ಲೋಮನಾಳತೆ ಎತ್ತಬಲ್ಲದ್ದು ಸುಮಾರು 60 ಸೆಂ.ಮೀ. ಅಷ್ಟೆ. ತೆಂಗಿನ ಸುಳಿಯವರೆಗೆ ನೀರನ್ನು ಎಳೆಯುವುದು ಎಲೆಗಳಿಂದ ಆವಿಯಾಗಿ ಹೋಗುವ ನೀರು. ಹಣತೆಯ ಬತ್ತಿಯನ್ನು ತೋರಿಸಿ: ಅಲ್ಲಿ ಎಣ್ಣೆ ನೂಲಿನ ಸಂದುಗಳಲ್ಲಿ ಏರಿ ಬೆಂಕಿಯನ್ನು ಮುಟ್ಟುವುದು ಲೋಮನಾಳತೆಯಿಂದಲೇ.